ಕ್ಷೇಮಾಭಿವೃದ್ಧಿ ಸಂಘದ ಸಭೆಗೆ ಭಾಷಣ: ಆಸಿಡ್, ಫಿನಾಯಿಲ್, ಥಿನ್ನರ್ ಮಕ್ಕಳ ಕೈಗೆ ಸಿಗದ ಹಾಗೆ ಇಡೋದು ಹೇಗೆ?

ಜಂಟಿ ಕಾರ್ಯದರ್ಶಿ, ಮೈಸೂರು

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆ ಬರುವ ಭಾನುವಾರ ಇದೆ. ನೀರಿನ ಬಿಲ್ಲು, ಬೀದಿದೀಪ, ಕಸದ ಗಾಡಿ ಎಲ್ಲಾ ಮುಗಿದ ಮೇಲೆ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನಮ್ಮಲ್ಲಿ ನಿವೃತ್ತರೇ ಹೆಚ್ಚು. ವರ್ಷವಿಡೀ ಮನೆಯಲ್ಲಿ ಮಕ್ಕಳಿರೋದಿಲ್ಲ, ಏಪ್ರಿಲ್ ಬಂತು ಅಂದರೆ ಮೊಮ್ಮಕ್ಕಳ ದಂಡು. ಆ ಎರಡು ತಿಂಗಳಿಗಾಗಿ ಮನೆಯನ್ನು ಯಾರೂ ಬದಲಾಯಿಸೋದಿಲ್ಲ. ಬಚ್ಚಲಲ್ಲಿ ಆಸಿಡ್ ಬಾಟಲಿ ಎಲ್ಲಿತ್ತೋ ಅಲ್ಲೇ ಇರುತ್ತದೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಬರೆದುಕೊಂಡಿರೋದು ಹೀಗಿದೆ: ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪೌಡರ್, ಪೈಪ್ ಕ್ಲೀನ್ ಮಾಡೋ ಪುಡಿ, ಸೊಳ್ಳೆ ಲಿಕ್ವಿಡ್, ನುಸಿಗುಳಿಗೆ, ಇರುವೆ ಚಾಕ್, ಇಲಿ ಪಾಷಾಣ, ಥಿನ್ನರ್. ಒಂದೊಂದಕ್ಕೂ ಒಂದು ನಿಮಿಷ, ಎಲ್ಲಿಡಬೇಕು, ಏನು ಅಪಾಯ ಅಂತ. ಓದಿ ನೋಡಿದರೆ ನನಗೇ ಪಾಠ ಒಪ್ಪಿಸಿದ ಹಾಗಿದೆ. ಏನನ್ನು ಉಳಿಸಿಕೊಳ್ಳಲಿ, ಏನನ್ನು ಬಿಡಲಿ?

ನೈಟ್‌ಡ್ಯೂಟಿ

ಸರ್, ನಾನು ಮಕ್ಕಳ ತುರ್ತು ವಿಭಾಗದಲ್ಲಿ ನರ್ಸ್, ಈಗಲೂ ಡ್ಯೂಟಿಯಲ್ಲಿದ್ದೇನೆ. ಪಟ್ಟಿಯನ್ನು ಪೂರ್ತಿ ಬಿಟ್ಟುಬಿಡಿ. ಒಂಬತ್ತು ವಸ್ತು ಹೇಳಿದರೆ ಮನೆಗೆ ಹೋಗುವಷ್ಟರಲ್ಲಿ ಒಂದೂ ನೆನಪಿರೋದಿಲ್ಲ. ಹತ್ತು ನಿಮಿಷವನ್ನೂ ಒಂದೇ ಮಾತಿಗೆ ಕೊಡಿ: ಕುಡಿಯೋ ಬಾಟಲಿಗೆ ಕುಡಿಯೋದನ್ನು ಬಿಟ್ಟು ಬೇರೇನನ್ನೂ ಹಾಕಬೇಡಿ.

ನಮ್ಮಲ್ಲಿಗೆ ಬರೋ ಮಕ್ಕಳಲ್ಲಿ ಹೆಚ್ಚಿನವರು ಒಂದರಿಂದ ಮೂರು ವರ್ಷದವರು. ತಂದೆ ತಾಯಿಗೆ ಮೊದಲು ಕೇಳೋದು ಏನು ಕುಡಿತು ಅಂತ. ಎರಡನೇ ಪ್ರಶ್ನೆ, ಯಾವುದರಲ್ಲಿತ್ತು. ನೀರಿನ ಬಾಟಲಿ, ಕೂಲ್‌ಡ್ರಿಂಕ್ಸ್ ಬಾಟಲಿ ಅನ್ನೋ ಉತ್ತರ ಕೇಳಿ ಕೇಳಿ ಸಾಕಾಗಿದೆ.

ಒಂದು ಪ್ರಕರಣ ಹೇಳುತ್ತೇನೆ, ಗುರುತು ಸಿಗದ ಹಾಗೆ. ಎರಡು ವರ್ಷದ ಮಗು, ಅಜ್ಜನ ಮನೆಗೆ ಬಂದಿತ್ತು. ಗೇಟಿಗೆ ಬಣ್ಣ ಹೊಡೆದವರು ಉಳಿದ ಟರ್ಪೆಂಟೈನ್ ಅನ್ನು ಒಂದು ಲೀಟರಿನ ನೀರಿನ ಬಾಟಲಿಗೆ ಸುರಿದು ಮೆಟ್ಟಿಲ ಕೆಳಗೆ ಇಟ್ಟು ಹೋಗಿದ್ದರು. ನೋಡೋಕೆ ಥೇಟ್ ನೀರು. ಮಗು ಆಟ ಆಡಿ ಬಾಯಾರಿ ಬಂದು ಒಂದು ಗುಟುಕು ಕುಡಿದು ಕೆಮ್ಮಿತು. ಅಜ್ಜಿ ಗಾಬರಿಯಾಗಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದರು. ನಮ್ಮಲ್ಲಿಗೆ ಬಂದಾಗ ಮಗು ಜೋರಾಗಿ ಉಸಿರೆಳೀತಿತ್ತು, ಪಕ್ಕೆ ಒಳಗೆ ಎಳೀತಿತ್ತು, ಮೈಯೆಲ್ಲಾ ಪೇಂಟಿನ ವಾಸನೆ. ಮೊದಲ ಎಕ್ಸ್‌ರೇಯಲ್ಲಿ ಅಷ್ಟೇನೂ ಕಾಣಲಿಲ್ಲ. ಕೆಲವು ಗಂಟೆ ಬಿಟ್ಟು ತೆಗೆದಾಗ ಎರಡೂ ಕಡೆ ಶ್ವಾಸಕೋಶದಲ್ಲಿ ಬಿಳಿ ಮಚ್ಚೆ. ಆ ರಾತ್ರಿಯೇ ಜ್ವರ. ದಿನಗಟ್ಟಲೆ ಆಕ್ಸಿಜನ್ ಕೊಟ್ಟ ಮೇಲೆ ಮಗು ಹುಷಾರಾಗಿ ಮನೆಗೆ ಹೋಯಿತು.

ಆ ಅಜ್ಜಿಯದು ತಪ್ಪು ಅಂತ ಹೇಳೋಕೆ ಇದನ್ನು ಬರೀತಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ನೀವು ಭಾನುವಾರ ಹೇಳಬೇಕಾದ್ದು ಇದನ್ನೇ.

ಹಳೇಮನೆ

ಇಷ್ಟೆಲ್ಲಾ ಬೇಕಾ? ನಮ್ಮ ಕಾಲದಲ್ಲಿ ಎಲ್ಲವನ್ನೂ ಅಟ್ಟದ ಮೇಲೆ ಇಡ್ತಿದ್ದೆವು. ಎತ್ತರದಲ್ಲಿಟ್ಟರೆ ಮಗುವಿಗೆ ಎಟುಕೋದಿಲ್ಲ, ಮುಗೀತು. ಆಕಸ್ಮಾತ್ ಕುಡಿದರೆ ಉಪ್ಪುನೀರೋ ಹುಣಸೆ ನೀರೋ ಕುಡಿಸಿ ತಕ್ಷಣ ವಾಂತಿ ಮಾಡಿಸಬೇಕು. ವಿಷ ಒಳಗೆ ಇದ್ದಷ್ಟೂ ಕೆಟ್ಟದ್ದು. ಇದೆರಡು ಮಾತು ಹೇಳಿ ಸರ್, ಸಾಕು.

ನೈಟ್‌ಡ್ಯೂಟಿ

ಎತ್ತರದ ಮಾತು ಸರಿ, ನಾನೂ ಒಪ್ಪುತ್ತೇನೆ. ಎತ್ತರದ ಜೊತೆಗೆ ಚಿಲಕವೂ ಬೇಕು ಅನ್ನೋದಷ್ಟೇ ನನ್ನ ಸೇರ್ಪಡೆ. ಮೂರು ವರ್ಷದ ಮಗು ಸ್ಟೂಲು ಎಳೆದುಕೊಂಡು ಹತ್ತುತ್ತದೆ.

ವಾಂತಿಯ ಮಾತನ್ನು ಮಾತ್ರ ದಯವಿಟ್ಟು ಸಭೆಯಲ್ಲಿ ಹೇಳಿಸಬೇಡಿ. ಸೀಮೆಎಣ್ಣೆ, ಟರ್ಪೆಂಟೈನ್, ಥಿನ್ನರ್ ಇವೆಲ್ಲಾ ತೆಳು, ಸುಲಭವಾಗಿ ಹರಡುತ್ತವೆ. ಹೊಟ್ಟೆಯಲ್ಲಿದ್ದಾಗ ಮಾಡೋ ಹಾನಿಗಿಂತ ಶ್ವಾಸನಾಳಕ್ಕೆ ನಾಲ್ಕು ಹನಿ ಜಾರಿದರೆ ಆಗೋ ಹಾನಿ ದೊಡ್ಡದು. ಒಳಗೆ ಹರಡಿಕೊಂಡು ಶ್ವಾಸಕೋಶವನ್ನೇ ಸುಡುತ್ತದೆ. ವಾಂತಿ ಮಾಡಿಸಿದರೆ ಗಂಟಲಿಗೆ ಇನ್ನೊಂದು ಸಲ ತಂದು, ಜಾರೋಕೆ ಇನ್ನೊಂದು ಅವಕಾಶ ಕೊಟ್ಟ ಹಾಗೆ. ಆಸಿಡ್ ಆದರೆ ಇಳಿಯುವಾಗ ಸುಟ್ಟ ಅನ್ನನಾಳವನ್ನು ಮೇಲೆ ಬರುವಾಗ ಮತ್ತೆ ಸುಡುತ್ತದೆ. ಉಪ್ಪುನೀರು ಚಿಕ್ಕ ಮಗುವಿಗೆ ತಾನೇ ಒಂದು ವಿಷ. ರಕ್ತದಲ್ಲಿ ಉಪ್ಪಿನಂಶ ಏರಿ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು.

ಹಳೇಮನೆ

ಸೀಮೆಎಣ್ಣೆ, ಆಸಿಡ್ ವಿಷಯ ಒಪ್ಪಿದೆ. ಆದರೆ ಮಾತ್ರೆ ನುಂಗಿದರೆ, ಹೊಲಕ್ಕೆ ಹೊಡೆಯೋ ಔಷಧಿ ಕುಡಿದರೆ ಆಸ್ಪತ್ರೆಯಲ್ಲೇ ಹೊಟ್ಟೆ ತೊಳೀತಾರಲ್ಲ? ಹಾಗಾದರೆ ಹೊರಗೆ ಹಾಕಿಸೋದು ತಪ್ಪು ಹೇಗಾಗುತ್ತೆ?

ನೈಟ್‌ಡ್ಯೂಟಿ

ಅಲ್ಲಿ ತೊಳೆಯೋದೂ ಎಲ್ಲರಿಗಲ್ಲ, ಯಾವಾಗಲೂ ಅಲ್ಲ. ತೊಳೆಯುವಾಗಲೂ ಶ್ವಾಸನಾಳ ಕಾಪಾಡಿಕೊಂಡೇ ಮಾಡುತ್ತಾರೆ. ಮನೆಯಲ್ಲಿ ಅದು ಸಾಧ್ಯವಿಲ್ಲ. ಯಾವುದಕ್ಕೆ ಏನು ಅಂತ ಮನೆಯಲ್ಲಿ ನಿರ್ಧಾರ ಮಾಡೋಕೆ ಹೋಗಬೇಡಿ. ಒಂದೇ ನಿಯಮ ಇರಲಿ, ಯಾವುದಕ್ಕೂ ವಾಂತಿ ಮಾಡಿಸೋದಿಲ್ಲ.

ಮೂರನೇ ಕ್ರಾಸ್

ಒಳ್ಳೇ ವಿಷಯ. ನಮ್ಮ ಸಂಪಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು ಅಂತ ಯಾರಾದರೂ ಹೇಳ್ತೀರಾ? ಆರು ಸಾವಿರ ಲೀಟರಿನದು. ಹೋದ ಸಲ ಹಾಕಿದಾಗ ವಾರವಿಡೀ ವಾಸನೆ ಹೋಗಲಿಲ್ಲ, ಕಾಫಿ ಕುಡಿಯೋಕಾಗಲಿಲ್ಲ.

ರಸಾಯನ ಮೇಷ್ಟ್ರು

ಸಂಪಿನ ಲೆಕ್ಕಕ್ಕೆ ಬೇರೆ ಎಳೆ ತೆರೆಯಿರಿ, ಪೌಡರ್ ಎಷ್ಟು ಹಳೆಯದು ಅನ್ನೋದರ ಮೇಲೆ ಅದು ಬದಲಾಗುತ್ತೆ. ಇಲ್ಲಿಗೆ ಸಂಬಂಧಪಟ್ಟ ಒಂದೇ ಮಾತು: ಆ ಪೌಡರ್ ಡಬ್ಬವನ್ನು ಆಸಿಡ್ ಬಾಟಲಿಯ ಪಕ್ಕದಲ್ಲಿ ಇಡಬೇಡಿ. ಬಾಟಲಿ ಸೋರಿ ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ದೊಡ್ಡವರೂ ತಡೆಯೋದು ಕಷ್ಟ.

ಮುಖ್ಯ ವಿಷಯಕ್ಕೆ ನನ್ನದೊಂದು ಸೇರ್ಪಡೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನು. ಜನ ಆಸಿಡ್‌ಗೆ ಹೆದರುತ್ತಾರೆ. ಸಿಂಕಿನ ಪೈಪ್ ಕಟ್ಟಿಕೊಂಡರೆ ಸುರಿಯೋ ಬಿಳಿ ಪುಡಿಗೆ ಹೆದರೋದಿಲ್ಲ. ಅದರಲ್ಲಿ ಕಾಸ್ಟಿಕ್ ಸೋಡಾ ಇರುತ್ತೆ. ಆಸಿಡ್ ನಾಲಿಗೆಗೆ ತಾಕಿದ ಕೂಡಲೇ ಉರಿಯುತ್ತೆ, ಮಗು ಉಗಿಯುತ್ತೆ. ಕಾಸ್ಟಿಕ್ ಕೊಬ್ಬನ್ನೂ ಮಾಂಸವನ್ನೂ ಸಾಬೂನಿನ ಹಾಗೆ ಕರಗಿಸಿಕೊಂಡು ಆಳಕ್ಕೆ ಇಳಿಯುತ್ತಾ ಹೋಗುತ್ತೆ. ಅರ್ಧ ಸುರಿದ ಪ್ಯಾಕೆಟ್ಟನ್ನು ಬಾಯಿ ಮಡಚಿ ಸಿಂಕಿನ ಕೆಳಗೇ ಇಡ್ತಾರೆ, ಮಗು ತೆವಳೋ ಎತ್ತರದಲ್ಲಿ. ಇನ್ನೊಂದು, ಆಸಿಡ್‌ಗೆ ಸೋಡಾ, ಸೋಡಾಕ್ಕೆ ನಿಂಬೆಹಣ್ಣು ಅಂತ ಸರಿದೂಗಿಸೋಕೆ ಯಾರೂ ಹೋಗಬಾರದು. ಬೀಕರಿನಲ್ಲಿ ಆ ಕ್ರಿಯೆ ಮಾಡಿಸಿ ಮಕ್ಕಳಿಗೆ ಬಿಸಿ ಮುಟ್ಟಿಸಿ ತೋರಿಸಿದ್ದೇನೆ. ಆ ಬಿಸಿ ಮಗುವಿನ ಗಂಟಲಲ್ಲಿ ಏಳಬಾರದು.

ನೈಟ್‌ಡ್ಯೂಟಿ

ಮೇಷ್ಟ್ರ ಮಾತಿಗೆ ಜೋಡಿಸುತ್ತೇನೆ. ಬಾಯಲ್ಲಿ ಗಾಯ ಕಾಣ್ತಿಲ್ಲ, ಹಾಗಾಗಿ ಏನೂ ಆಗಿಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಉಳೀತಾರೆ. ತುಟಿ ಚೆನ್ನಾಗಿದ್ದು ಅನ್ನನಾಳ ಸುಟ್ಟಿರಬಹುದು. ನೋಡಬೇಕಾದ್ದು ಜೊಲ್ಲು. ಮಗು ತನ್ನ ಜೊಲ್ಲನ್ನೇ ನುಂಗದೆ ಸುರಿಸುತ್ತಿದ್ದರೆ, ಹಾಲು ಬೇಡ ಅಂತ ಮುಖ ತಿರುಗಿಸಿದರೆ, ಧ್ವನಿ ಗೊಗ್ಗರಾದರೆ ಒಂದು ನಿಮಿಷವೂ ಕಾಯಬೇಡಿ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ಎಷ್ಟು ಸುಟ್ಟಿದೆ ಅಂತ ನೋಡ್ತಾರೆ. ಆಳವಾಗಿ ಸುಟ್ಟಿದ್ದರೆ ಗಾಯ ಮಾಗುತ್ತಾ ಕೆಲವು ವಾರದಲ್ಲಿ ಅನ್ನನಾಳ ಕಿರಿದಾಗುತ್ತೆ. ಹಾಲು ಇಳಿಯುತ್ತೆ, ಅನ್ನ ಸಿಕ್ಕಿಕೊಳ್ಳುತ್ತೆ. ಆಮೇಲೆ ಅದನ್ನು ಹಿಗ್ಗಿಸೋಕೆ ಮತ್ತೆ ಮತ್ತೆ ಆಸ್ಪತ್ರೆಗೆ ಬರಬೇಕು. ವರ್ಷಗಟ್ಟಲೆ ಬರೋ ಮಕ್ಕಳಿದ್ದಾರೆ.

ಕೆಲಸದಾಕೆಯ ಮಗಳು

ನಮ್ಮಮ್ಮ ನಾಲ್ಕು ಮನೆ ಕೆಲಸ ಮಾಡ್ತಾರೆ. ರಜೆಯಲ್ಲಿ ನಾನೂ ಹೋಗ್ತೀನಿ. ಬೀರು, ಚಿಲಕ ಎಲ್ಲಾ ಸರಿ. ಆದರೆ ನೆಲ ಒರೆಸುವಾಗ ಫಿನಾಯಿಲ್ ಬಾಟಲಿ ಬೀರುವಿನಲ್ಲಿ ಇರಲ್ಲ, ಬಕೆಟ್ ಪಕ್ಕ ನೆಲದ ಮೇಲೆ ಇರುತ್ತೆ, ಮುಚ್ಚಳ ತೆಗೆದು. ಕಾಲಿಂಗ್ ಬೆಲ್ ಆಗುತ್ತೆ, ಅಮ್ಮ ಬಾಗಿಲಿಗೆ ಹೋಗ್ತಾರೆ. ಬಿಳಿ ಫಿನಾಯಿಲ್ ನೀರಿಗೆ ಬಿದ್ದರೆ ಮಜ್ಜಿಗೆ ಥರ ಕಾಣುತ್ತೆ. ಒಂದು ಮನೆಯಲ್ಲಿ ಮಗು ಲೋಟ ತಂದು ಬಕೆಟ್ಟಿಗೆ ಅದ್ದಿದ್ದನ್ನು ನಾನೇ ನೋಡಿ ಕೈ ಹಿಡಿದೆ.

ಇನ್ನೊಂದು ಮಾತು. ಏನಾದರೂ ಆದರೆ ಮೊದಲು ಬೈಸಿಕೊಳ್ಳೋದು ನಮ್ಮಮ್ಮ. ಫಿನಾಯಿಲನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿಸಿ ಇಟ್ಟಿರೋದು ಮನೆಯವರು. ಅದನ್ನೂ ಸಭೆಯಲ್ಲಿ ಹೇಳಿ ಸರ್.

ಜಂಟಿ ಕಾರ್ಯದರ್ಶಿ, ಮೈಸೂರು

ಖಂಡಿತ ಹೇಳ್ತೀನಮ್ಮ. ಬಳಸುವ ಹೊತ್ತಿನ ಅಪಾಯ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ನ್ಯೂಜೆರ್ಸಿ ಕನ್ನಡತಿ

ಇಲ್ಲಿ ಅಮೆರಿಕದಲ್ಲಿ 1970ರಿಂದ ಇದಕ್ಕೊಂದು ಕಾನೂನೇ ಇದೆ. ಅಪಾಯಕಾರಿ ಅಂತ ಗುರುತಿಸಿದ ಎಷ್ಟೋ ವಸ್ತುಗಳಿಗೆ ಒತ್ತಿ ತಿರುಗಿಸೋ ಮುಚ್ಚಳ ಕಡ್ಡಾಯ. ನಾನು ಬಹಳ ಕಾಲ ಅದನ್ನೇ ನಂಬಿಕೊಂಡಿದ್ದೆ. ಆಮೇಲೆ ಪರೀಕ್ಷೆಯ ನಿಯಮ ಓದಿದೆ. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳ ಕೈಗೆ ಬಾಟಲಿ ಕೊಟ್ಟು 5 ನಿಮಿಷ ಬಿಡ್ತಾರೆ, ಆಮೇಲೆ ತೆರೆಯೋದು ಹೇಗೆ ಅಂತ ತೋರಿಸಿ ಇನ್ನೂ 5 ನಿಮಿಷ. ಕೊನೆಗೆ ನೂರಕ್ಕೆ 80 ಮಕ್ಕಳಿಗೆ ತೆರೆಯೋಕೆ ಆಗದಿದ್ದರೆ ಮುಚ್ಚಳ ಪಾಸು. ಅಂದರೆ ಉಳಿದ ಮಕ್ಕಳು ತೆರೆದರೂ ಒಪ್ಪಿಗೆ ಇದೆ. ಮುಚ್ಚಳ ಕೊಡೋದು ಸ್ವಲ್ಪ ಸಮಯ, ಅಷ್ಟೇ. ಊರಿಗೆ ಬಂದಾಗ ಅಮ್ಮನ ಬಚ್ಚಲಲ್ಲಿ ನೋಡಿದರೆ ಆ ಮುಚ್ಚಳವೂ ಇಲ್ಲ, ಲೇಬಲ್ಲೂ ಇಲ್ಲ. ಬಿಡಿ ಆಸಿಡ್, ಜ್ಯೂಸ್ ಬಾಟಲಿಯಲ್ಲಿ.

ನೈಟ್‌ಡ್ಯೂಟಿ

ಲೇಬಲ್ ಇಲ್ಲದಿರೋದು ನಮಗೂ ಕಷ್ಟ. ಬಾಟಲಿ ತಂದು ತೋರಿಸ್ತಾರೆ, ಒಳಗೆ ನೀಲಿ ದ್ರಾವಣ. ಗಾಡಿಯವರ ಹತ್ತಿರ ತಗೊಂಡಿದ್ದು ಅಂತಾರೆ. ಆಸಿಡ್ಡೋ, ಬ್ಲೀಚೋ, ಎಷ್ಟು ಗಟ್ಟಿಯದೋ ಯಾರಿಗೂ ಗೊತ್ತಿರಲ್ಲ. ಒರಿಜಿನಲ್ ಬಾಟಲಿ ಇದ್ದರೆ ಅದನ್ನೇ ತನ್ನಿ, ಆಗದಿದ್ದರೆ ಲೇಬಲ್ಲಿನ ಫೋಟೋ ತೆಗೆದುಕೊಳ್ಳಿ.

ಒಂದು ಫೋನ್ ನಂಬರ್ ಕೂಡ ಹೇಳಿ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, 1800 116 117, ದುಡ್ಡು ಬೀಳೋದಿಲ್ಲ. ನಮ್ಮ ವೈದ್ಯರೂ ಅಲ್ಲಿಗೆ ಕೇಳ್ತಾರೆ. ಆದರೆ ಮಗು ಮಂಪರಾಗಿದ್ದರೆ, ಉಸಿರು ಕಷ್ಟ ಆಗಿದ್ದರೆ ಫೋನ್ ಹಿಡಿದು ಕೂರಬೇಡಿ, 108.

ಗ್ರೌಂಡ್ ಫ್ಲೋರ್

ನಮ್ಮನೆಯಲ್ಲಿ ಇಲಿ ಕಾಟ ವಿಪರೀತ. ಟ್ಯೂಬಿನಲ್ಲಿ ಬರೋ ಪೇಸ್ಟನ್ನು ಬ್ರೆಡ್ಡಿಗೆ ಸವರಿ ಗ್ಯಾಸ್ ಸಿಲಿಂಡರ್ ಹಿಂದೆ ಇಡ್ತೀವಿ. ಮಗಳ ಮಗು ಬರುವಾಗ ತೆಗೆದುಬಿಡ್ತೀವಿ, ಅಷ್ಟು ಸಾಕಲ್ಲ? ಒಂದುವೇಳೆ ನೆಕ್ಕಿದರೂ ವಾಂತಿ, ಭೇದಿ ಏನೂ ಆಗದಿದ್ದರೆ ಪರವಾಗಿಲ್ಲ ಅಂತ ಅಂಗಡಿಯವರು ಹೇಳಿದರು.

ನೈಟ್‌ಡ್ಯೂಟಿ

ದಯವಿಟ್ಟು ಆ ಮಾತು ನಂಬಬೇಡಿ. ನಮ್ಮಲ್ಲಿ ಸಿಗೋ ಇಂಥ ಪೇಸ್ಟುಗಳಲ್ಲಿ ಹಳದಿ ರಂಜಕ ಇದ್ದದ್ದನ್ನು ನೋಡಿದ್ದೇವೆ. ಅದರ ಕ್ರೌರ್ಯವೇ ಅದು: ಮೊದಲ ದಿನ ಸ್ವಲ್ಪ ಹೊಟ್ಟೆನೋವು, ವಾಂತಿ ಇರಬಹುದು, ಇಲ್ಲದೆಯೂ ಇರಬಹುದು. ಆಮೇಲೆ ಒಂದೆರಡು ದಿನ ಮಗು ಆಟ ಆಡಿಕೊಂಡಿರುತ್ತೆ. ಅಷ್ಟರಲ್ಲಿ ಲಿವರ್ ಹಾಳಾಗ್ತಿರುತ್ತೆ. ಕಣ್ಣು ಹಳದಿ ಆದಾಗ ತಂದರೆ ಬಹಳ ತಡ. ಇದಕ್ಕೆ ಪ್ರತಿವಿಷ ಇಲ್ಲ. ನೆಕ್ಕಿದ ಅನುಮಾನ ಬಂದರೂ ಅದೇ ಗಂಟೆಯಲ್ಲಿ ಹೊರಡಬೇಕು, ಟ್ಯೂಬಿನ ಸಮೇತ.

ಮಗು ಬರುವ ಮನೆಗೆ ಅದು ಬೇಡವೇ ಬೇಡ. ತೆಗೆಯುವಾಗ ಬ್ರೆಡ್ಡಿನ ಚೂರನ್ನು ಇಲಿ ಎಲ್ಲಿಗೆ ಎಳೆದುಕೊಂಡು ಹೋಗಿದೆ ಅಂತ ನಿಮಗೆ ಗೊತ್ತಾಗೋದಿಲ್ಲ. ಇಲಿಬೋನು ಇಡಿ.

ಗ್ರೌಂಡ್ ಫ್ಲೋರ್

ಬೋನಿಗೆ ನಮ್ಮನೆ ಇಲಿ ಬೀಳ್ತಿಲ್ಲ. ಆದರೂ ಪೇಸ್ಟ್ ಇವತ್ತೇ ತೆಗೀತೀನಿ. ಸೊಳ್ಳೆ ಮಿಷಿನ್ನಿನ ಬಾಟಲಿ? ಅದು ಮಂಚದ ಪಕ್ಕದ ಸಾಕೆಟ್ಟಿನಲ್ಲೇ ಇದೆ.

ರಸಾಯನ ಮೇಷ್ಟ್ರು

ಅದರಲ್ಲಿ ಸೊಳ್ಳೆ ಔಷಧಿ ಇರೋದು ಸ್ವಲ್ಪ, ಉಳಿದದ್ದೆಲ್ಲಾ ಸಾಮಾನ್ಯವಾಗಿ ಸೀಮೆಎಣ್ಣೆ ಜಾತಿಯ ಎಣ್ಣೆ. ಹಾಗಾಗಿ ಮೇಲೆ ಹೇಳಿದ ಶ್ವಾಸಕೋಶದ ಮಾತು ಅದಕ್ಕೂ ಅನ್ವಯಿಸುತ್ತೆ. ಮಗುವಿಗೆ ಎಟುಕದ ಸಾಕೆಟ್ಟಿಗೆ ಬದಲಾಯಿಸಿ. ಇಲ್ಲದಿದ್ದರೆ ಪರದೆ ಕಟ್ಟಿ.

ಜಂಟಿ ಕಾರ್ಯದರ್ಶಿ, ಮೈಸೂರು

ಎಲ್ಲರ ಮಾತು ಕೇಳಿ ಪೂರ್ತಿ ಹೊಸದಾಗಿ ಬರೆದೆ. ಹೀಗೆ ಮಾತಾಡೋಣ ಅಂತಿದ್ದೇನೆ:

"ಹಿರಿಯರೇ, ಅಕ್ಕ ತಂಗಿಯರೇ, ಇನ್ನು ಕೆಲವೇ ದಿನಕ್ಕೆ ನಮ್ಮ ಮೊಮ್ಮಕ್ಕಳು ಬರ್ತಾರೆ. ಇವತ್ತು ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ಬಚ್ಚಲು, ಸಿಂಕಿನ ಕೆಳಗೆ, ಮೆಟ್ಟಿಲ ಕೆಳಗೆ, ವಾಷಿಂಗ್ ಮಿಷಿನ್ ಹಿಂದೆ ನೋಡಿ. ನೀರಿನ ಬಾಟಲಿಯಲ್ಲೋ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲೋ ನೀರಲ್ಲದ್ದು ಏನಿದೆ ಅಂತ ಹುಡುಕಿ. ಎರಡು ವರ್ಷದ ಮಗುವಿಗೆ ಓದೋಕೆ ಬರಲ್ಲ, ಬಾಟಲಿಯ ಆಕಾರ ಮಾತ್ರ ಗೊತ್ತು. ಅಜ್ಜಿ ಅದೇ ಆಕಾರದ ಬಾಟಲಿಯಿಂದ ನೀರು ಕೊಟ್ಟಿದ್ದಾರೆ, ಹಾಗಾಗಿ ಕುಡಿಯುತ್ತೆ. ಉಳಿದ ಥಿನ್ನರನ್ನು ಬಣ್ಣದವರ ಕೈಯಲ್ಲೇ ವಾಪಸ್ ಕಳಿಸಿ. ಆಸಿಡ್, ಫಿನಾಯಿಲ್ ಬೇಕಾದರೆ ಅದು ಬಂದ ಬಾಟಲಿಯಲ್ಲೇ ಇರಲಿ, ನಮ್ಮ ಭುಜಕ್ಕಿಂತ ಎತ್ತರದ ಬೀರುವಿನಲ್ಲಿ, ಚಿಲಕ ಹಾಕಿ. ನೆಲ ಒರೆಸುವಾಗ ಮೊದಲು ಬಕೆಟ್ಟಿಗೆ ಎಷ್ಟು ಬೇಕೋ ಅಷ್ಟು ಹಾಕಿ, ಬಾಟಲಿ ಮುಚ್ಚಿ ಬೀರುವಿಗೆ ಇಟ್ಟು, ಆಮೇಲೆ ಒರೆಸೋಕೆ ಶುರು ಮಾಡಿ. ಬೆಲ್ ಆದರೆ ಬಕೆಟ್ಟೂ ಕೈಯಲ್ಲೇ ಬರಲಿ. ಇದು ಕೆಲಸದವರ ಜವಾಬ್ದಾರಿ ಮಾತ್ರ ಅಲ್ಲ, ಬಾಟಲಿ ತುಂಬಿಸಿಟ್ಟ ನಮ್ಮದು.

ಆದರೂ ಮಗು ಕುಡಿದೇಬಿಟ್ಟರೆ ವಾಂತಿ ಮಾಡಿಸಬೇಡಿ. ಉಪ್ಪುನೀರು, ನಿಂಬೆಹಣ್ಣು, ಎಣ್ಣೆ ಏನೂ ಬೇಡ. ಬಾಯಿ ಒರೆಸಿ, ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ತೊಳೆಯಿರಿ, ಕಣ್ಣಿಗೆ ಬಿದ್ದಿದ್ದರೆ ನಲ್ಲಿ ಕೆಳಗೆ ಹಿಡಿದು ಹದಿನೈದು ಇಪ್ಪತ್ತು ನಿಮಿಷ ನೀರು ಬಿಡಿ. ಬಾಟಲಿ ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ."

ನೈಟ್‌ಡ್ಯೂಟಿ

ಚೆನ್ನಾಗಿದೆ ಸರ್. ಒಂದು ಸಾಲು ಸೇರಿಸಿ: ಸೀಮೆಎಣ್ಣೆ, ಥಿನ್ನರ್ ಕುಡಿದ ಮಗು ಆರಾಮಾಗಿ ಕಂಡರೂ ಆಸ್ಪತ್ರೆಯಲ್ಲಿ ಸುಮಾರು ಆರು ಗಂಟೆ ಕಣ್ಣೆದುರು ಇಟ್ಟುಕೊಂಡು ನೋಡ್ತಾರೆ. ಬೇಗ ಕಳಿಸಿ ಅಂತ ಜಗಳ ಮಾಡಬೇಡಿ ಅಂತ ಹೇಳಿ. ಕಣ್ಣು ತೊಳೆಯೋದು ಮಾತ್ರ ಮನೆಯಲ್ಲೇ ಆಗಬೇಕು, ಅದಕ್ಕೆ ಮುಂಚೆ ಹೊರಡೋದು ಬೇಡ.

ಕೋರ್ಟ್ ರಸ್ತೆ

ಗಾಡಿಯವರು ಬಿಡಿ ಆಸಿಡ್ ಮಾರೋದನ್ನು ಸಂಘದಿಂದಲೇ ನಿಲ್ಲಿಸಬಾರದೇಕೆ? 2013ರಲ್ಲಿ ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆಸಿಡ್ ಮಾರುವವರು ರಿಜಿಸ್ಟರ್ ಇಡಬೇಕು, ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, 18 ತುಂಬದವರಿಗೆ ಮಾರಬಾರದು. ಆಸಿಡ್ ದಾಳಿ ತಡೆಯೋಕೆ ಬಂದ ಆದೇಶ ನಿಜ, ನಮ್ಮ ಮಕ್ಕಳಿಗೂ ಅದರಿಂದ ಉಪಯೋಗ.

ಕೆಲಸದಾಕೆಯ ಮಗಳು

ಆ ಗಾಡಿ ಅಣ್ಣ ನಮ್ಮ ಬೀದಿಯವರೇ. ಅವರನ್ನು ಓಡಿಸಿದರೆ ಜನ ಇನ್ನೊಂದು ಬೀದಿಯಲ್ಲಿ ಕೊಳ್ತಾರೆ. ಖಾಲಿ ಕೂಲ್‌ಡ್ರಿಂಕ್ಸ್ ಬಾಟಲಿ ಮನೆಯಿಂದ ತಂದು ಕೊಡೋದು ಗಿರಾಕಿಗಳು, ಅವರಲ್ಲ.

ಕೋರ್ಟ್ ರಸ್ತೆ

ಹೊಟ್ಟೆಪಾಡಿನ ಮಾತು ಅರ್ಥವಾಗುತ್ತೆ. ಫಿನಾಯಿಲ್, ಪೊರಕೆ ಮಾರಲಿ, ಯಾರೂ ಬೇಡ ಅನ್ನಲ್ಲ. ಆಸಿಡ್ ಬೇಡ. ಇದರಲ್ಲಿ ನಾನು ಸಡಿಲ ಆಗೋಕೆ ತಯಾರಿಲ್ಲ.

ಜಂಟಿ ಕಾರ್ಯದರ್ಶಿ, ಮೈಸೂರು

ಇದನ್ನು ನನ್ನ ಭಾಷಣಕ್ಕೆ ಸೇರಿಸೋದಿಲ್ಲ. ಸಭೆಯ ಮುಂದೆ ಬೇರೆ ವಿಷಯವಾಗಿ ಇಡುತ್ತೇನೆ, ಗಾಡಿಯವರನ್ನೂ ಕರೆಸುತ್ತೇನೆ. ನೀವಿಬ್ಬರೂ ಬನ್ನಿ. ಇನ್ನೊಂದು ಪ್ರಶ್ನೆ ಉಳಿದಿದೆ. ಮನೆಯಲ್ಲಿ ಹುಡುಕಿದಾಗ ಸಿಕ್ಕ ಅರ್ಧ ಬಾಟಲಿ ಥಿನ್ನರ್, ಹೆಸರಿಲ್ಲದ ಆಸಿಡ್ ಏನು ಮಾಡಲಿ ಅಂತ ಕೇಳೇ ಕೇಳ್ತಾರೆ.

ರಸಾಯನ ಮೇಷ್ಟ್ರು

ಯಾವುದನ್ನೂ ಇನ್ನೊಂದಕ್ಕೆ ಸುರಿಯಬಾರದು, ಇದು ಮೊದಲು. ಥಿನ್ನರನ್ನು ಚರಂಡಿಗೆ ಹಾಕಬೇಡಿ, ಬೆಂಕಿ ಹತ್ತುತ್ತೆ. ಬಣ್ಣದ ಕೆಲಸದವರು ಯಾರಾದರೂ ಬಳಸಿಕೊಳ್ಳುತ್ತಾರೆ, ಕೇಳಿ ನೋಡಿ. ಏನೆಂದು ಗೊತ್ತಿಲ್ಲದ ಬಾಟಲಿಯನ್ನು ಮೂಸಿ ನೋಡೋಕೆ ಹೋಗಬೇಡಿ. ಮುಚ್ಚಳ ಬಿಗಿ ಮಾಡಿ, "ವಿಷ" ಅಂತ ದಪ್ಪಗೆ ಬರೆದು ಬೀಗದೊಳಗೆ ಇಡಿ. ಕಸದ ಗಾಡಿಗೆ ಕೊಡುವಾಗ ಅಪಾಯಕಾರಿ ಕಸ ಅಂತ ಬೇರೆಯಾಗಿ ಕೈಗೇ ಕೊಟ್ಟು ಹೇಳಬೇಕು. ಹಸಿ ಕಸದ ಬುಟ್ಟಿಗೆ ಹಾಕಿದರೆ ಅದನ್ನು ಬೆರಳಿಂದ ಬೇರ್ಪಡಿಸೋ ಪೌರಕಾರ್ಮಿಕರ ಕೈ ಸುಡುತ್ತೆ.

ಮೂರನೇ ಕ್ರಾಸ್

ಸಭೆಗೆ ಕಸದ ಗಾಡಿಯ ಮೇಲ್ವಿಚಾರಕರೂ ಬರ್ತಾರಲ್ಲ, ಇಂಥದ್ದನ್ನು ಯಾವ ದಿನ ಬೇರೆಯಾಗಿ ತಗೋತಾರೆ ಅಂತ ಅವರನ್ನೇ ಕೇಳಿಬಿಡಿ. ಹೋದ ಸಲ ನಾನು ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ನನ್ನ ಹತ್ತಿರ ಹಳೇ ಪೇಂಟ್ ಡಬ್ಬಗಳೂ ಇವೆ.